ಅಪ್ಪನ ಹುಟ್ಟುಹಬ್ಬದ ಹಾಡುಗಳು

ತೀರ್ಥರೂಪರಾದ ಅಪ್ಪನವರಿಗೆ ಮಗಳ ನಮಸ್ಕಾರಗಳು.

ನಿಮ್ಮ ಅರವತ್ತನೆಯ ಹುಟ್ಟುಹಬ್ಬದ ಸಂಜೆ ಹಾಡಿಸಲಿರುವ ಹಾಡುಗಳ ಪಟ್ಟಿಯನ್ನು ನೋಡಿದ ಚಿಕ್ಕಪ್ಪ, ಇನ್ನೂ ಜನಪ್ರಿಯವಾದ ಹಾಡುಗಳು ಇರಲಿಲ್ಲವೇ ಎಂದು ಕೇಳಿದರು. ಖಂಡಿತ ಇದ್ದವು. ಆದರೆ ನಾನು ಹುಡುಕಿದ್ದು ನೀವು ಕೇಳಲು ಬಯಸುವ ಹಾಡುಗಳನ್ನಲ್ಲ, ಯಾರೂ ಕೇಳುತ್ತಿಲ್ಲವೆಂದುಕೊಂಡು ನೀವೇ ಗುನುಗುವ ಹಾಡುಗಳನ್ನು.

ಮೊದಲನೆಯದು 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ‘ಯಾರೇ ಕೂಗಾಡಲಿ’. ಅದಕ್ಕೂ ಮೊದಲು ಒಂದೆರಡು ಹಾಡುಗಳನ್ನು ಹಾಡಿದ್ದರೂ, ರಾಜ್‌ಕುಮಾರ್ ಅವರು ಗಾಯಕರಾಗಿ ನೆಲೆ ನಿಂತದ್ದು ಈ ಹಾಡಿನಿಂದ ಎಂದು ನನಗೆ ಹೇಳಿದವರು ನೀವೇ. ಹಳೆಯ ಸ್ಕೂಟರಿಗೆ ಏಳೆಂಟು ಕಿಕ್ ಹೊಡೆದರೂ ಅದು ಹೊರಡದಿದ್ದಾಗ ನೀವು ಕೋಪಿಸಿಕೊಳ್ಳದೆ ಈ ಹಾಡನ್ನು ಶುರುಮಾಡುತ್ತಿದ್ದಿರಿ. ತೆರೆಯ ಮೇಲಿನ ಎಮ್ಮೆಗಿಂತ ನಮ್ಮ ಸ್ಕೂಟರೇ ಹೆಚ್ಚು ಹಟಮಾರಿಯಾಗಿತ್ತು ಎಂದು ಈಗಲೂ ನನಗೆ ಅನ್ನಿಸುತ್ತದೆ.

1981ರ ‘ಗೀತಾ’ ಚಿತ್ರದ ‘ಜೊತೆಯಲಿ’ ಅಮ್ಮನ ಆಯ್ಕೆ ಎಂದೇ ತಿಳಿಯಿರಿ. ನೀವು ಬಾಲಸುಬ್ರಹ್ಮಣ್ಯಂ ಅವರ ಸಾಲುಗಳನ್ನು ಹಾಡುತ್ತಿರುವಾಗ ಸುಮ್ಮನಿರುವ ಅಮ್ಮ, ಜಾನಕಿಯವರ ಸಾಲು ಬಂದೊಡನೆ ಒಳಗಿನ ಕೋಣೆಯಿಂದಲೇ ದನಿಗೂಡಿಸುತ್ತಾಳೆ.

ಇನ್ನು ‘ನಿತ್ಯೋತ್ಸವ’. ಇದನ್ನು ಸೇರಿಸಿದ್ದಕ್ಕೆ ಕಾರಣ ನಿಸಾರ್ ಅಹಮದರ ಕವಿತೆಯೂ ಅಲ್ಲ, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯೂ ಅಲ್ಲ. ನನ್ನ ಹಳೆಯ ತಪ್ಪು. 1978ರಲ್ಲಿ ಹೊರಬಂದು ಮನೆಮನೆಗೆ ತಲುಪಿದ ಆ ಕ್ಯಾಸೆಟ್ಟಿನ ಒಂದು ಪ್ರತಿಯನ್ನು ನೀವು ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದಿರಿ. ಏಳು ವರ್ಷದ ನಾನು ಅದರ ಅಂಚಿನ ಎರಡು ಪುಟ್ಟ ತೂತುಗಳಿಗೆ ಅಂಟುಪಟ್ಟಿ ಹಚ್ಚಿ, ಕೆಂಪು ಗುಂಡಿಯನ್ನು ಒತ್ತಿ, ಎರಡನೆಯ ಚರಣದ ನಡುವಿನಿಂದ ಮುಂದಕ್ಕೆ ನನ್ನ ಶಾಲೆಯ ಪದ್ಯವನ್ನು ತುಂಬಿಸಿದೆ. ಬೈಗುಳಕ್ಕೆ ಹೆದರಿ ನಾನು ಮಂಚದ ಕೆಳಗೆ ಅಡಗಿಕೊಂಡಿದ್ದರೆ, ನೀವು ಪದ್ಯವನ್ನು ಕೊನೆಯವರೆಗೆ ಕೇಳಿ, ‘ಮೂರನೆಯ ಸಾಲಿನಲ್ಲಿ ಒಂದು ಪದ ಬಿಟ್ಟಿದ್ದೀಯ’ ಎಂದಷ್ಟೇ ಹೇಳಿದಿರಿ. ಆಮೇಲೆ ಇನ್ನೊಂದು ಪ್ರತಿಯನ್ನು ನೀವು ಕೊಳ್ಳಲೂ ಇಲ್ಲ. ಇವತ್ತಿಗೂ ನೀವು ಆ ಹಾಡನ್ನು ಅದೇ ಜಾಗದಲ್ಲಿ ನಿಲ್ಲಿಸುತ್ತೀರಿ ಎಂಬುದನ್ನು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಪ್ರತಿ ಸಲವೂ ಗಮನಿಸಿದ್ದೇನೆ.

‘ಆಗದು ಎಂದು, ಕೈಲಾಗದು ಎಂದು’ ಹಾಡನ್ನು ಮಾತ್ರ ಬೇಕೆಂದೇ ಕೈಬಿಟ್ಟಿದ್ದೇನೆ. ಗಣಿತದಲ್ಲಿ ಕಡಿಮೆ ಅಂಕ ಬಂದಾಗಲೆಲ್ಲ ನೀವು ಅದನ್ನೇ ಹಾಕುತ್ತಿದ್ದುದರಿಂದ, ಪಿ. ಬಿ. ಶ್ರೀನಿವಾಸ್ ಅವರ ಆ ಮಧುರ ಕಂಠ ಕೇಳಿದರೆ ನನಗೆ ಈಗಲೂ ಅಂಕಪಟ್ಟಿಯೇ ಕಣ್ಣಮುಂದೆ ಬರುತ್ತದೆ. ನಿಮ್ಮ ಒತ್ತಾಯವಿದ್ದರೆ ಸೇರಿಸೋಣ.

‘ನಿತ್ಯೋತ್ಸವ’ವನ್ನು ಕೊನೆಗೆ ಇಟ್ಟಿದ್ದೇವೆ. ಅದರ ಪೂರ್ಣ ಸಾಹಿತ್ಯವನ್ನು ನಿಮ್ಮ ಕನ್ನಡಕಕ್ಕೆ ಹೊಂದುವಂತೆ ದೊಡ್ಡ ಅಕ್ಷರಗಳಲ್ಲಿ ಬರೆದು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಈ ಸಲ ಎರಡನೆಯ ಚರಣದಲ್ಲಿ ನಿಲ್ಲಿಸದೆ ನಮ್ಮೊಂದಿಗೆ ಕೊನೆಯವರೆಗೂ ಹಾಡಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಪ್ರೀತಿಯ ಮಗಳು