ಬುಷ್ ಲೈನ್ 2: ದಿನದ ಓಇಇ ಶೀಟ್, 12 ನವೆಂಬರ್ 2025, ಬುಧವಾರ

ಜಾಗ: ಹೊಸೂರು ಘಟಕ, ಮೆಷಿನ್ ಶಾಪ್
ಲೈನ್: ಸಿಎನ್‌ಸಿ ರಫ್ ಟರ್ನಿಂಗ್, ಸಿಎನ್‌ಸಿ ಫಿನಿಶ್ ಟರ್ನಿಂಗ್, ಡ್ರಿಲ್ಲಿಂಗ್, ವಾಷಿಂಗ್
ಲೆಕ್ಕ ಹಾಕಿದ ಮೆಷಿನ್: ಫಿನಿಶ್ ಟರ್ನಿಂಗ್ (ಲೈನಿನಲ್ಲಿ ಎಲ್ಲಕ್ಕಿಂತ ನಿಧಾನದ್ದು ಇದೇ. ಇದು ನಿಂತರೆ ಲೈನೇ ನಿಂತಂತೆ.)
ಮಾಲು: 28 ಎಂಎಂ ಬುಷ್, ಒಂದಕ್ಕೆ 42 ಸೆಕೆಂಡ್. 32 ಎಂಎಂ ಬುಷ್, ಒಂದಕ್ಕೆ 48 ಸೆಕೆಂಡ್.
ಬರೆದವರು: ಪ್ರೊಡಕ್ಷನ್ ಸೂಪರ್‌ವೈಸರ್
ಪ್ರತಿ: ಎರಡೂ ಶಿಫ್ಟಿನ ಲೈನ್ ಲೀಡರ್, ಮೇಂಟೆನೆನ್ಸ್, ಕ್ವಾಲಿಟಿ. ತಮಿಳು ಪ್ರತಿ ಬೋರ್ಡಿನ ಬಲಗಡೆ ಇದೆ.

ದಿನದ ಓಇಇ: 69.56% (ಎ ಶಿಫ್ಟ್ 61.84, ಬಿ ಶಿಫ್ಟ್ 77.27)

ಎ ಶಿಫ್ಟಿನವರು ಈ ನಂಬರ್ ನೋಡಿ ಬೇಜಾರಾಗುವುದು ಬೇಡ. ಸೆಟಪ್ ಬದಲಾವಣೆ, ಕರೆಂಟ್ ಹೋಗಿದ್ದು, ಎರಡೂ ಅವರ ಪಾಲಿಗೇ ಬಂದಿವೆ. ಓಇಇ ಮೆಷಿನಿನ ಲೆಕ್ಕ, ಆಳಿನ ಲೆಕ್ಕ ಅಲ್ಲ. ಈ ಶೀಟ್ ಹಿಡಿದು ಯಾರನ್ನಾದರೂ ಬೈದರೆ ನಾಳೆಯಿಂದ ಲಾಗ್ ಪುಸ್ತಕದಲ್ಲಿ ನಿಜ ಬರೆಯುವವರೇ ಇರುವುದಿಲ್ಲ.

ಎ ಶಿಫ್ಟ್, 6:00 ರಿಂದ 14:00

ಒಟ್ಟು 480 ನಿಮಿಷ. ಮೀಟಿಂಗ್ 6:00–6:10, ಟಿಫಿನ್ 9:00–9:20, ಟೀ 11:30–11:40. ಈ 40 ನಿಮಿಷ ಮೊದಲೇ ಗೊತ್ತಿರುವ ಬಿಡುವು, ಅದನ್ನು ಕಳೆಯಬೇಕು. ಓಡಬೇಕಾದ ಸಮಯ 440 ನಿಮಿಷ.

| ನಿಂತದ್ದು | ಹೊರಟದ್ದು | ನಿಮಿಷ | ಲಾಗ್ ಪುಸ್ತಕದಲ್ಲಿ ಇದ್ದದ್ದು |
|---|---|---|---|
| 6:10 | 6:22 | 12 | ಫಸ್ಟ್ ಪೀಸ್ ಓಕೆಗೆ ಕಾದದ್ದು |
| 7:05 | 7:13 | 8 | ಇನ್ಸರ್ಟ್ ಬದಲು |
| 8:36 | 9:12 | 24 | ಕರೆಂಟ್ ಹೋಯಿತು, ಡ್ರೈವ್ ಅಲಾರಂ |
| 9:40 | 9:46 | 6 | ಚಿಪ್ಸ್ ಸುತ್ತಿಕೊಂಡಿತ್ತು |
| 10:30 | 11:12 | 42 | 28 ರಿಂದ 32 ಎಂಎಂಗೆ ಸೆಟಪ್ |
| 12:15 | 12:34 | 19 | ಚಕ್ ಅಲಾರಂ, ರಿಸೆಟ್ ಮಾಡಿದೆ |
| 13:20 | 13:26 | 6 | ಬ್ಲಾಂಕ್ ಟ್ರಾಲಿ ಬರಲಿಲ್ಲ |
| | | 117 | |

ಮೂರನೇ ಸಾಲು ನೋಡಿ. 8:36 ರಿಂದ 9:12 ಅಂದರೆ 36 ನಿಮಿಷ, ಆದರೆ ಹಿಡಿದದ್ದು 24. ಜನರೇಟರ್ ಬೇಗನೇ ಎತ್ತಿಕೊಂಡಿತು, ಡ್ರೈವ್ ಅಲಾರಂ ಮಾತ್ರ ಹೋಗಲಿಲ್ಲ. ಅಷ್ಟರಲ್ಲಿ ಟಿಫಿನ್ ಬಂತು. 9:00 ರ ನಂತರದ 12 ನಿಮಿಷವನ್ನು ಬಿಡುವು ಅಂತ ಆಗಲೇ ಕಳೆದಾಗಿದೆ, ಮತ್ತೆ ಕಳೆದರೆ ಒಂದೇ ಸಮಯ ಎರಡು ಸಲ ಹೋದಂತೆ.

ಓಡಿದ ಸಮಯ: 440 − 117 = 323 ನಿಮಿಷ
ಅವೈಲಬಿಲಿಟಿ: 323 ÷ 440 = 73.41%

ಪರ್ಫಾರ್ಮೆನ್ಸ್‌ಗೆ ಎರಡು ಮಾಲನ್ನೂ ಬೇರೆ ಬೇರೆ ಹಿಡಿಯಬೇಕು. 28 ಎಂಎಂ ಓಡಿದ್ದು 190 ನಿಮಿಷ, ಬಂದದ್ದು 248 ಪೀಸ್. 248 × 42 = 10,416 ಸೆಕೆಂಡ್, ಅಂದರೆ 173.6 ನಿಮಿಷದ ಕೆಲಸ. 32 ಎಂಎಂ ಓಡಿದ್ದು 133 ನಿಮಿಷ, ಬಂದದ್ದು 141 ಪೀಸ್. 141 × 48 = 6,768 ಸೆಕೆಂಡ್, 112.8 ನಿಮಿಷದ ಕೆಲಸ. ಎರಡೂ ಸೇರಿ 286.4.

ಪರ್ಫಾರ್ಮೆನ್ಸ್: 286.4 ÷ 323 = 88.67%

ಅಂದರೆ ಮೆಷಿನ್ ಓಡುತ್ತಿದ್ದಾಗಲೇ 36.6 ನಿಮಿಷ ಸೋರಿ ಹೋಗಿದೆ. ಎಲ್ಲಿ ಅಂತ ಹುಡುಕಲು ಮಧ್ಯಾಹ್ನ ಮೆಷಿನ್ ಮುಂದೆ ಸ್ಟಾಪ್‌ವಾಚ್ ಹಿಡಿದು ನಿಂತೆ. 32 ಎಂಎಂ ಬುಷ್ ಒಂದಕ್ಕೆ 54 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಪ್ಯಾನೆಲ್ ನೋಡಿದರೆ ಫೀಡ್ ಓವರ್‌ರೈಡ್ ನಾಬ್ 80 ರಲ್ಲಿ! ಸೆಟಪ್ ಆದಮೇಲೆ ಮೊದಲ ಪೀಸನ್ನು ಹುಷಾರಾಗಿ ಓಡಿಸಲು ಇಳಿಸುತ್ತೇವೆ, ಅದು ಸರಿ. ಓಕೆ ಸಿಕ್ಕಮೇಲೆ 100ಕ್ಕೆ ಏರಿಸಿಲ್ಲ. 48 ಸೆಕೆಂಡಿನಲ್ಲಿ ಟೂಲ್ ಕಡಿಯುವುದು 24 ಸೆಕೆಂಡ್. 80 ರಲ್ಲಿ ಅದು 30 ಆಗುತ್ತದೆ. ಪೀಸಿಗೆ 6 ಸೆಕೆಂಡ್, 141 ಪೀಸಿಗೆ 14.1 ನಿಮಿಷ. ಮೆಷಿನ್ ನಿಲ್ಲಲಿಲ್ಲ, ಅಲಾರಂ ಹೊಡೆಯಲಿಲ್ಲ, ಹಾಗಾಗಿ ಯಾವ ಲಾಗಿನಲ್ಲೂ ಇದು ಬರುವುದಿಲ್ಲ. ಪೀಸ್ ಲೆಕ್ಕ ಹಾಕಿದಾಗಷ್ಟೇ ಸಿಗುತ್ತದೆ. ಉಳಿದ 22.5 ನಿಮಿಷ 5 ನಿಮಿಷಕ್ಕಿಂತ ಚಿಕ್ಕ ನಿಲುಗಡೆಗಳು. ಲೈನ್ ಲೀಡರ್ ಹಾಕಿದ ಗೀಟುಗಳ ಪ್ರಕಾರ ಜಾಸ್ತಿ ಪಾಲು 28 ಎಂಎಂನಲ್ಲಿ ಚಿಪ್ಸ್ ಎಳೆಯಲು ಬಾಗಿಲು ತೆಗೆದದ್ದು.

ಕ್ವಾಲಿಟಿಗೆ ಮೊದಲ ಸಲಕ್ಕೇ ಸರಿ ಬಂದ ಪೀಸ್ ಮಾತ್ರ. ರೀವರ್ಕ್ ಮಾಡಿ ಉಳಿಸಿದ್ದು ಡಿಸ್ಪ್ಯಾಚ್‌ಗೆ ಹೋಗಬಹುದು, ಇಲ್ಲಿ ಒಳ್ಳೆಯದರ ಲೆಕ್ಕಕ್ಕೆ ಬರುವುದಿಲ್ಲ.

| | ಬಂದದ್ದು | ರಿಜೆಕ್ಟ್ | ರೀವರ್ಕ್ | ಒಳ್ಳೆಯದು | ಒಳ್ಳೆಯದರ ನಿಮಿಷ |
|---|---|---|---|---|---|
| 28 ಎಂಎಂ | 248 | 5 | 4 | 239 | 167.3 |
| 32 ಎಂಎಂ | 141 | 7 | 3 | 131 | 104.8 |

ಕ್ವಾಲಿಟಿ: 272.1 ÷ 286.4 = 95.01%

ಸೆಟಪ್ ಹೊತ್ತಿನ 4 ಟ್ರಯಲ್ ಪೀಸ್ ಇದರಲ್ಲಿ ಸೇರಿಲ್ಲ. ಅವುಗಳ ಸಮಯ 42 ನಿಮಿಷದ ಸೆಟಪ್ಪಿನೊಳಗೇ ಹೋಗಿದೆ. ಸ್ಕ್ರಾಪ್ ರಿಜಿಸ್ಟರಿನಲ್ಲಿ ಮಾತ್ರ ಬರೆದಿದೆ.

ಎ ಶಿಫ್ಟ್ ಓಇಇ: 73.41% × 88.67% × 95.01% = 61.84%
ತಾಳೆ: 272.1 ÷ 440 = 61.84%. ಸರಿ ಇದೆ.

ಬಿ ಶಿಫ್ಟ್, 14:00 ರಿಂದ 22:00

ಇಡೀ ಶಿಫ್ಟ್ 32 ಎಂಎಂ. ಮೀಟಿಂಗ್, ಟೀ, ಊಟ ಸೇರಿ ಇಲ್ಲೂ 40 ನಿಮಿಷ ಬಿಡುವು, ಓಡಬೇಕಾದದ್ದು 440.

| ನಿಂತದ್ದು | ಹೊರಟದ್ದು | ನಿಮಿಷ | ಲಾಗ್ ಪುಸ್ತಕದಲ್ಲಿ ಇದ್ದದ್ದು |
|---|---|---|---|
| 14:50 | 15:23 | 33 | ಆಯಿಲ್ ಕಮ್ಮಿ, ಸ್ಟ್ರೈನರ್ ಕ್ಲೀನ್ |
| 17:40 | 17:49 | 9 | ಇನ್ಸರ್ಟ್ ಬದಲು |
| 18:25 | 18:36 | 11 | ಗೇಜ್ ಇರಲಿಲ್ಲ, ಕಾದದ್ದು |
| 20:12 | 20:20 | 8 | ಕೂಲೆಂಟ್ ತುಂಬಿದ್ದು |
| | | 61 | |

ಓಡಿದ್ದು 379 ನಿಮಿಷ. ಪೀಸ್ 436, ಅಂದರೆ 348.8 ನಿಮಿಷದ ಕೆಲಸ. ರಿಜೆಕ್ಟ್ 6, ರೀವರ್ಕ್ 5, ಒಳ್ಳೆಯದು 425, ಅದರ ನಿಮಿಷ 340.

ಅವೈಲಬಿಲಿಟಿ 86.14%, ಪರ್ಫಾರ್ಮೆನ್ಸ್ 92.03%, ಕ್ವಾಲಿಟಿ 97.48%. ಓಇಇ 77.27%.

ಓವರ್‌ರೈಡ್ ಇಲ್ಲೂ 17:15 ರ ತನಕ 80 ರಲ್ಲೇ ಇತ್ತು. ಆ ಹೊತ್ತಿಗೆ 150 ಪೀಸ್ ಆಗಿತ್ತು, ಹಾಗಾಗಿ 15 ನಿಮಿಷ ಹೋಯಿತು.

ಎರಡೂ ಸೇರಿ

ಶಿಫ್ಟಿನ ಪರ್ಸೆಂಟ್‌ಗಳನ್ನು ಕೂಡಿಸಿ ಎರಡರಿಂದ ಭಾಗಿಸಬೇಡಿ. ನಿಮಿಷಗಳನ್ನು ಕೂಡಿಸಿ, ಆಮೇಲೆ ಭಾಗಿಸಿ. ಇವತ್ತು ಎರಡೂ ಶಿಫ್ಟ್ 440 ಆದ್ದರಿಂದ ಓಇಇ ಹೇಗೆ ಹಾಕಿದರೂ ಒಂದೇ ಬರುತ್ತದೆ, ಆದರೆ ಪರ್ಫಾರ್ಮೆನ್ಸ್ ಆಗಲೇ 90.35 ಮತ್ತು 90.48 ಅಂತ ಬೇರೆಯಾಗಿದೆ. ಒಂದು ಶಿಫ್ಟ್ ಅರ್ಧ ದಿನ ಓಡಿದರೆ ಎಲ್ಲವೂ ತಪ್ಪುತ್ತದೆ.

ಓಡಬೇಕಾದದ್ದು 880, ಓಡಿದ್ದು 702, ಅಷ್ಟು ಹೊತ್ತಿನಲ್ಲಿ ಆದ ಕೆಲಸ 635.2, ಒಳ್ಳೆಯ ಮಾಲಿನ ಕೆಲಸ 612.1.

ಅವೈಲಬಿಲಿಟಿ 79.77%, ಪರ್ಫಾರ್ಮೆನ್ಸ್ 90.48%, ಕ್ವಾಲಿಟಿ 96.36%.

ಜಪಾನಿನ ಸೇಯಿಚಿ ನಕಾಜಿಮಾ ಈ ಲೆಕ್ಕ ಹಾಕಿಕೊಟ್ಟಾಗ ಇಟ್ಟ ಗುರಿ 90, 95, 99. ಗುಣಿಸಿದರೆ ಸುಮಾರು 85. ನಾವು ಅವೈಲಬಿಲಿಟಿಯಲ್ಲೇ ದೂರ ಇದ್ದೇವೆ, ಮೊದಲು ಕೈ ಹಾಕಬೇಕಾದದ್ದೂ ಅಲ್ಲೇ.

ಹೋದ 267.9 ನಿಮಿಷ ಎಲ್ಲಿ ಹೋಯಿತು:

| ಕಾರಣ | ನಿಮಿಷ |
|---|---|
| ಚಕ್ ಪ್ರೆಷರ್ | 52 |
| ಸೆಟಪ್ | 42 |
| ಚಿಕ್ಕ ನಿಲುಗಡೆ | 37.7 |
| ಓವರ್‌ರೈಡ್ 80 | 29.1 |
| ಕರೆಂಟ್ | 24 |
| ರಿಜೆಕ್ಟ್, ರೀವರ್ಕ್ | 23.1 |
| ಫಸ್ಟ್ ಪೀಸ್, ಗೇಜ್ ಕಾಯುವುದು | 23 |
| ಇನ್ಸರ್ಟ್ | 17 |
| ಕೂಲೆಂಟ್ 8, ದೊಡ್ಡ ಚಿಪ್ಸ್ ನಿಲುಗಡೆ 6, ಬ್ಲಾಂಕ್ 6 | 20 |

ಲಾಗ್ ಪುಸ್ತಕ ಸುಮ್ನೆ ಓದಿದರೆ ಎಲ್ಲಕ್ಕಿಂತ ದೊಡ್ಡದು ಸೆಟಪ್ ಅನ್ನಿಸುತ್ತದೆ. ಅಲ್ಲ. ಎ ಶಿಫ್ಟಿನ "ಚಕ್ ಅಲಾರಂ" ಮತ್ತು ಬಿ ಶಿಫ್ಟಿನ "ಆಯಿಲ್ ಕಮ್ಮಿ" ಒಂದೇ ರೋಗ. ಒಬ್ಬರು ಕಂಡದ್ದನ್ನು ಬರೆದರು, ಇನ್ನೊಬ್ಬರು ಮಾಡಿದ್ದನ್ನು ಬರೆದರು. ಬೇರೆ ಬೇರೆ ಸಾಲಿನಲ್ಲಿ ಕೂತು 19, 33 ಅಂತ ಸಣ್ಣದಾಗಿ ಕಂಡಿತು. ಕೂಡಿಸಿದರೆ 52, ದಿನದ ಮೊದಲನೇ ನಷ್ಟ. 32 ಎಂಎಂನ 7 ರಿಜೆಕ್ಟಿನಲ್ಲಿ 4 ಪೀಸ್ 12:15 ರ ಹಿಂದುಮುಂದಿನವು, ನಾಲ್ಕರಲ್ಲೂ ರನ್‌ಔಟ್ ಜಾಸ್ತಿ. ಚಕ್ ಹಿಡಿತ ಸಡಿಲ ಇದ್ದದ್ದಕ್ಕೆ ಅದೂ ಸಾಕ್ಷಿ.

ಮೇಂಟೆನೆನ್ಸ್‌ನವರು 14:50ಕ್ಕೆ ಪವರ್ ಪ್ಯಾಕ್ ಬಿಚ್ಚಿದಾಗ ಸಕ್ಷನ್ ಸ್ಟ್ರೈನರ್ ಮೇಲೆ ಜಿಡ್ಡು ಹತ್ತಿತ್ತು, ಆಯಿಲ್ ಮಟ್ಟವೂ ಕೆಳಗಿನ ಗೆರೆಗಿಂತ ಇಳಿದಿತ್ತು. ಕ್ಲೀನ್ ಮಾಡಿ ತುಂಬಿದ ಮೇಲೆ 22:00 ರ ತನಕ ಅಲಾರಂ ಬಂದಿಲ್ಲ. ಆಯಿಲ್ ಎಲ್ಲಿ ಹೋಗುತ್ತಿದೆ ಅಂತ ಇನ್ನೂ ಹುಡುಕಬೇಕು. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಚಕ್ ಪ್ರೆಷರ್ ಅಲಾರಂ ಬಂದರೆ ರಿಸೆಟ್ ಒತ್ತಿ ಓಡಿಸಬೇಡಿ. ಹಿಡಿತ ತಪ್ಪಿದ ಪೀಸ್ ಬಾಗಿಲಿಗೆ ಬಂದು ಹೊಡೆಯುತ್ತದೆ. ಓಇಇ ಹೋದರೆ ಹೋಗಲಿ, ಮೇಂಟೆನೆನ್ಸ್ ಅಣ್ಣನನ್ನು ಕರೆಯಿರಿ.

ಶೀಟಿನ ಫಾರ್ಮುಲಾ

D ಕಾಲಮ್ಮಿನಲ್ಲಿ ಸೆಕೆಂಡ್, E ನಲ್ಲಿ ಬಂದ ಪೀಸ್, F ನಲ್ಲಿ ಒಳ್ಳೆಯ ಪೀಸ್. B2 ಓಡಬೇಕಾದ ನಿಮಿಷ, B3 ನಿಂತ ನಿಮಿಷ.

```
B4  =B2-B3
B5  =SUMPRODUCT(D2:D3,E2:E3)/60
B6  =SUMPRODUCT(D2:D3,F2:F3)/60
B7  =B4/B2
B8  =B5/B4
B9  =B6/B5
B10 =B7*B8*B9
B11 =B6/B2
```

B10, B11 ಒಂದೇ ಬರಬೇಕು. B8 ನೂರು ದಾಟಿದರೆ ಖುಷಿಪಡಬೇಡಿ. ಒಂದೋ ಸೈಕಲ್ ಟೈಮ್ ಸಡಿಲವಾಗಿ ಇಟ್ಟಿದೆ, ಇಲ್ಲವೇ ನಿಂತ ಸಮಯ ಜಾಸ್ತಿ ಬರೆದಿದೆ.

ಬಿಡುವಿನೊಳಗೆ ಬಿದ್ದ ನಿಮಿಷ ತೆಗೆಯಲು, ಲಾಗ್ ಹಾಳೆಯಲ್ಲಿ A ನಿಂತ ಹೊತ್ತು, B ಹೊರಟ ಹೊತ್ತು, H1 ಮತ್ತು H2 ಟಿಫಿನ್ ಶುರು, ಮುಗಿತಾಯ:

```
=(B4-A4-MAX(0,MIN(B4,H2)-MAX(A4,H1)))*1440
```

ಗುರುವಾರದ ಕೆಲಸ

ಲಾಗ್ ಪುಸ್ತಕದಲ್ಲಿ ಕಾರಣದ ಮುಂದೆ ನಂಬರ್ ಹಾಕಿ. 1 ಚಕ್ ಮತ್ತು ಹೈಡ್ರಾಲಿಕ್, 2 ಸೆಟಪ್, 3 ಟೂಲ್, 4 ಕರೆಂಟ್, 5 ಕ್ವಾಲಿಟಿ ಕಾಯುವುದು, 6 ಮಾಲು ಇಲ್ಲ, 7 ಚಿಪ್ಸ್ ಮತ್ತು ಕೂಲೆಂಟ್. ಪಕ್ಕದಲ್ಲಿ ವಿವರ ಕನ್ನಡ, ತಮಿಳು, ತೆಲುಗು ಯಾವುದರಲ್ಲಿ ಬೇಕಾದರೂ ಬರೆಯಿರಿ. ನಂಬರ್ ಒಂದೇ ಇದ್ದರೆ ಸಾಕು, ಕೂಡಿಸುವುದು ನನ್ನ ಕೆಲಸ.

ಸೆಟಪ್ಪಿನ 42 ನಿಮಿಷದಲ್ಲಿ 18 ಸಾಫ್ಟ್ ಜಾ ಬೋರ್ ಮಾಡಲಿಕ್ಕೇ ಹೋಗಿದೆ. 32 ಎಂಎಂಗೆ ಒಂದು ಜೊತೆ ಜಾ ಬೇರೆಯಾಗಿ ಎತ್ತಿಡೋಣ, ಕೂರಿಸಿದ ಮೇಲೆ ಸ್ವಲ್ಪ ಸ್ಕಿಮ್ ಮಾಡಿದರೆ ಆಯಿತು. ಟೂಲ್ ರೂಮಿಗೆ ಹೇಳಿದ್ದೇನೆ.

ಫಸ್ಟ್ ಪೀಸ್ ಕಾರ್ಡಿನಲ್ಲಿ "ಓವರ್‌ರೈಡ್ 100" ಅಂತ ಒಂದು ಸಾಲು ಸೇರಿದೆ. ಕ್ವಾಲಿಟಿಯವರು ನಾಬ್ ನೋಡಿ ಸೈನ್ ಹಾಕಬೇಕು. 32 ಎಂಎಂ ಪ್ಲಗ್ ಗೇಜ್ ಎರಡು ಲೈನಿಗೂ ಸೇರಿ ಒಂದೇ ಇದೆ, ಇನ್ನೊಂದಕ್ಕೆ ಇಂಡೆಂಟ್ ಹೋಗಿದೆ.

ಪವರ್ ಪ್ಯಾಕ್ ಆಯಿಲ್ ಮಟ್ಟವನ್ನು ಎರಡೂ ಶಿಫ್ಟಿನವರು ಶುರುವಿನಲ್ಲಿ ನೋಡಿ ಬರೆಯಿರಿ. ಗುರುವಾರ ರಾತ್ರಿ 22:00ಕ್ಕೆ ಎಷ್ಟು ಇಳಿದಿದೆ ಅಂತ ಮೇಂಟೆನೆನ್ಸ್ ಜೊತೆ ನಾನೂ ನೋಡುತ್ತೇನೆ. ಇಳಿದಿದ್ದರೆ ಚಕ್ ಸಿಲಿಂಡರ್ ಸೀಲ್ ಬಿಚ್ಚುವುದು.