ಬೇಲೂರಿನ ಕಿರುಪ್ರಬಂಧ: ಮಂಗಳವಾರದವರೆಗೆ ಸಮಯ ಕೋರಿ

ನಮಸ್ಕಾರ ಸರ್,

ಬೇಲೂರು ಚೆನ್ನಕೇಶವ ದೇವಸ್ಥಾನದ ಮದನಿಕೆಯರ ಕುರಿತ ಕಿರುಪ್ರಬಂಧ ಈ ಶುಕ್ರವಾರಕ್ಕೆ ಮುಗಿಯುವುದಿಲ್ಲ. ಮಂಗಳವಾರ ಬೆಳಿಗ್ಗೆ ಕೊಡಲು ಅನುಮತಿ ಕೇಳುತ್ತಿದ್ದೇನೆ.

ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಅರೇಬಿಕಾ ಹಣ್ಣಾಗಿದೆ, ಆಳುಗಳು ಸಿಗಲಿಲ್ಲ. ಹತ್ತು ದಿನ ಮನೆಯವರ ಜೊತೆ ಕೊಯ್ಲಿಗೆ ನಿಂತೆ. ಕೊಯ್ಲು ಬರುವುದು ಗೊತ್ತಿದ್ದೂ ತಮಗೆ ಮೊದಲೇ ಹೇಳಲಿಲ್ಲ, ಅದು ನನ್ನ ತಪ್ಪು.

ಫೋಟೊ, ಟಿಪ್ಪಣಿ, ಮೊದಲೆರಡು ಭಾಗ ಸಿದ್ಧವಿವೆ. ಶಿಲ್ಪಿಗಳು ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೆತ್ತಿರುವ ಬರಹಗಳ ಭಾಗ ಉಳಿದಿದೆ. ಪ್ರಬಂಧದ ಜೀವವೇ ಅದು, ಅವಸರದಲ್ಲಿ ಬರೆಯಲು ಮನಸ್ಸಿಲ್ಲ.

ತಡಕ್ಕೆ ಅಂಕ ಕಳೆದರೂ ಒಪ್ಪಿಗೆ. ಆಗುವುದಿಲ್ಲವೆಂದರೆ ತಿಳಿಸಿ ಸರ್, ಇರುವಷ್ಟನ್ನು ಶುಕ್ರವಾರವೇ ಕೊಡುತ್ತೇನೆ.

ರಮ್ಯಾ
ಎಂ.ಎ. ಇತಿಹಾಸ, ಮೂರನೇ ಸೆಮಿಸ್ಟರ್