ಮಲೇರಿಯಾ ರ‍್ಯಾಪಿಡ್ ಟೆಸ್ಟ್ ಮತ್ತು ರಕ್ತಲೇಪನ ಪರೀಕ್ಷಾ ವರದಿ

ಪ್ರಯೋಗಾಲಯ ವಿಭಾಗ, ಮಂಗಳೂರು
ವರದಿಯ ದಿನಾಂಕ: 17-07-2025, ಗುರುವಾರ
ಲ್ಯಾಬ್ ಸಂಖ್ಯೆ: ಎಂಪಿ 1183/25
ರೋಗಿ: ಗಂಡಸು, 29 ವರ್ಷ, 54 ಕೆ.ಜಿ. ಸೆಂಟ್ರಿಂಗ್ ಕೆಲಸ. ಸ್ವಂತ ಊರು ಹುನಗುಂದ ತಾಲೂಕು, ಬಾಗಲಕೋಟೆ ಜಿಲ್ಲೆ.

ಇವರಿಗೆ: ರೋಗಿಯ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಮತ್ತು ಲ್ಯಾಬ್ ಟೆಕ್ನಿಷಿಯನ್

ಮಾನ್ಯರೇ,

ರೋಗಿ ನಾಳೆ ರಾತ್ರಿಯ ಬಸ್ಸಿಗೆ ಊರಿಗೆ ಹೊರಟಿದ್ದಾರೆ. ಮುಂದಿನ ಲೇಪನಗಳನ್ನು ನಿಮ್ಮಲ್ಲೇ ತೆಗೆಯಬೇಕಾಗಿದೆ. ಹಾಗಾಗಿ ಬರೀ ಅಂಕಿ ಬರೆದು ಕಳಿಸದೆ, ಕಂಡದ್ದನ್ನು ವಿವರವಾಗಿ ಬರೆದಿದ್ದೇನೆ.

ಅಂತಿಮ ಫಲಿತಾಂಶ: ಮಿಶ್ರ ಸೋಂಕು. ಪ್ಲಾಸ್ಮೋಡಿಯಂ ವೈವಾಕ್ಸ್ ಮತ್ತು ಪ್ಲಾಸ್ಮೋಡಿಯಂ ಫಾಲ್ಸಿಪೇರಮ್, ಎರಡೂ ಇವೆ.

ಹಿನ್ನೆಲೆ

ಜುಲೈ 10ರಿಂದ ಚಳಿಜ್ವರ, ತಲೆನೋವು, ವಾಂತಿ. 12ರಂದು ಬೇರೊಂದು ಕ್ಲಿನಿಕ್‌ನಲ್ಲಿ ಕಾರ್ಡ್ ಟೆಸ್ಟ್ ಮಾಡಿ ‘ವೈವಾಕ್ಸ್ ಪಾಸಿಟಿವ್’ ಎಂದು ಚೀಟಿ ಕೊಟ್ಟಿದ್ದಾರೆ. ಲೇಪನ ತೆಗೆದಿಲ್ಲ. ಅಲ್ಲಿ ಕೊಟ್ಟ ಕ್ಲೋರೋಕ್ವಿನ್‌ನ ಮೊದಲ ಡೋಸ್ ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾಯಿತಂತೆ, ಆಮೇಲೆ ಮಾತ್ರೆ ಮುಟ್ಟಿಲ್ಲ. ಜೂನ್‌ನಲ್ಲೂ ಒಮ್ಮೆ ಜ್ವರ ಬಂದು, ಮೆಡಿಕಲ್ ಅಂಗಡಿಯ ಮಾತ್ರೆಯಲ್ಲಿ ಮೂರು ದಿನಕ್ಕೆ ಇಳಿದಿತ್ತು. ಇದನ್ನು ರೋಗಿ ತಾವಾಗಿ ಹೇಳಲಿಲ್ಲ, ಎರಡನೇ ಸಲ ಕೇಳಿದಾಗ ಹೇಳಿದರು.

ರ‍್ಯಾಪಿಡ್ ಟೆಸ್ಟ್ (14-07-2025, ಬೆಳಿಗ್ಗೆ 10:40, ಜ್ವರ 102.4 ಫ್ಯಾರನ್‌ಹೀಟ್)

ಕಂಟ್ರೋಲ್ ಗೆರೆ: ಸ್ಪಷ್ಟ
ವೈವಾಕ್ಸ್ ಗೆರೆ (ಎಲ್‌ಡಿಎಚ್): ದಟ್ಟವಾಗಿ ಪಾಸಿಟಿವ್
ಫಾಲ್ಸಿಪೇರಮ್ ಗೆರೆ (ಎಚ್‌ಆರ್‌ಪಿ2): ತೀರಾ ಮಸುಕು, ಪಾಸಿಟಿವ್

ಕಾರ್ಡನ್ನು ಕಿಟ್‌ನಲ್ಲಿ ಹೇಳಿದ ಅವಧಿಯೊಳಗೇ, ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರು ಬೇರೆ ಬೇರೆಯಾಗಿ ಓದಿದ್ದೇವೆ. ಟ್ಯೂಬ್‌ಲೈಟ್ ಕೆಳಗೆ ಫಾಲ್ಸಿಪೇರಮ್ ಗೆರೆ ಕಾಣುತ್ತಲೇ ಇರಲಿಲ್ಲ. ಗೆರೆ ಎಷ್ಟೇ ಮಸುಕಾಗಿರಲಿ, ಹೊತ್ತಿನೊಳಗೆ ಮೂಡಿದ್ದರೆ ಪಾಸಿಟಿವ್ ಎಂದೇ ಲೆಕ್ಕ. ಆದರೆ ಎಚ್‌ಆರ್‌ಪಿ2 ಪ್ರೋಟೀನ್ ಪರಾವಲಂಬಿ ಸತ್ತ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಜೂನ್‌ನ ಜ್ವರ ಫಾಲ್ಸಿಪೇರಮ್‌ನದ್ದಾಗಿದ್ದರೆ ಈ ಗೆರೆ ಹಳೆಯದರ ಉಳಿಕೆಯೂ ಆಗಿರಬಹುದಿತ್ತು. ಕಾರ್ಡ್ ಒಂದರಿಂದ ಇದು ತೀರ್ಮಾನವಾಗುವುದಿಲ್ಲ.

ರಕ್ತಲೇಪನ, ದಿನ 0 (ಅದೇ ಮಾದರಿ, ಚಿಕಿತ್ಸೆಗೆ ಮುಂಚೆ, ಜೀಮ್ಸಾ ಬಣ್ಣ)

ದಪ್ಪ ಲೇಪನ: 200 ಬಿಳಿ ರಕ್ತಕಣಗಳಿಗೆ 171 ಅಲೈಂಗಿಕ ಪರಾವಲಂಬಿಗಳು. ರೋಗಿಯ ಬಿಳಿ ರಕ್ತಕಣ 5,200. ಲೆಕ್ಕ: 171 × 5,200 ÷ 200 = 4,446 ಪ್ರತಿ ಮೈಕ್ರೋಲೀಟರ್‌ಗೆ, ಎರಡೂ ಪ್ರಭೇದ ಸೇರಿ. ವಾಡಿಕೆಯಂತೆ 8,000 ಹಿಡಿದಿದ್ದರೆ 6,840 ಎಂದು ಬರುತ್ತಿತ್ತು. ನಿಮ್ಮಲ್ಲಿ ಅದೇ ದಿನದ ಕೌಂಟ್ ಸಿಗದಿದ್ದರೆ 8,000 ಹಿಡಿಯಿರಿ, ಹಾಗೆ ಹಿಡಿದಿದ್ದೀರಿ ಎಂದು ಚೀಟಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ನಿಮ್ಮ ಅಂಕಿಗೂ ನಮ್ಮದಕ್ಕೂ ತಾಳೆಯಾಗುವುದಿಲ್ಲ.

ಫಾಲ್ಸಿಪೇರಮ್ ಗ್ಯಾಮಿಟೊಸೈಟ್‌ಗಳನ್ನು ಬೇರೆಯಾಗಿ ಎಣಿಸಿದೆ: 500 ಬಿಳಿ ರಕ್ತಕಣಗಳಿಗೆ 3, ಅಂದರೆ ಮೈಕ್ರೋಲೀಟರ್‌ಗೆ ಸುಮಾರು 31.

ತೆಳು ಲೇಪನ: ಸೋಂಕಿತ ಕೆಂಪು ರಕ್ತಕಣ ಸುಮಾರು 0.1 ಶೇಕಡಾ. ಪ್ರಭೇದ ಖಚಿತವಾಗಿ ಹೇಳಬಹುದಾದ 25 ಸೋಂಕಿತ ಕಣಗಳು ಸಿಗುವವರೆಗೆ ನೋಡಿದೆ. 23 ವೈವಾಕ್ಸ್: ಕಣ ಉಬ್ಬಿದೆ, ಶೂಫ್ನರ್ ಚುಕ್ಕೆಗಳಿವೆ, ಟ್ರೋಫೋಜೋಯಿಟ್ ಅಡ್ಡಾದಿಡ್ಡಿ ಚಾಚಿಕೊಂಡಿದೆ. ಒಂದು ಸೈಜಾಂಟ್‌ನಲ್ಲಿ 16 ಮೀರೋಜೋಯಿಟ್ ಎಣಿಸಲು ಸಿಕ್ಕವು. ಉಳಿದ 2 ಫಾಲ್ಸಿಪೇರಮ್: ಕಣದ ಗಾತ್ರ ಮಾಮೂಲಿ, ಉಂಗುರ ಕೂದಲೆಳೆಯಷ್ಟು ತೆಳು. ಒಂದರಲ್ಲಿ ಎರಡು ಕ್ರೊಮ್ಯಾಟಿನ್ ಚುಕ್ಕೆ, ಇನ್ನೊಂದರಲ್ಲಿ ಉಂಗುರ ಕಣದ ಅಂಚಿಗೇ ಒತ್ತಿಕೊಂಡಿದೆ. ಲೇಪನದ ಬಾಲದ ತುದಿಯಲ್ಲಿ ಬಾಳೆಹಣ್ಣಿನ ಆಕಾರದ ಒಂದು ಗ್ಯಾಮಿಟೊಸೈಟ್. ಅದನ್ನು ಕಂಡ ಮೇಲೆ ಅನುಮಾನಕ್ಕೆ ಎಡೆಯಿರಲಿಲ್ಲ.

ಈ ಪ್ರಮಾಣದಲ್ಲಿ ಫಾಲ್ಸಿಪೇರಮ್ ಮೈಕ್ರೋಲೀಟರ್‌ಗೆ 350ರ ಆಸುಪಾಸು. ಇದು ಎರಡೇ ಕಣಗಳ ಮೇಲೆ ನಿಂತ ಅಂದಾಜು, ಹೆಚ್ಚು ನೆಚ್ಚಬೇಡಿ. ಸಂಖ್ಯೆ ಕಡಿಮೆಯೆಂದು ಹಗುರವಾಗಿಯೂ ಕಾಣಬೇಡಿ. ಬೆಳೆದ ಫಾಲ್ಸಿಪೇರಮ್ ಒಳಾಂಗಗಳ ಸಣ್ಣ ರಕ್ತನಾಳಗಳಿಗೆ ಅಂಟಿಕೊಂಡು ಕೂರುತ್ತದೆ. ಬೆರಳಿನ ರಕ್ತದಲ್ಲಿ ಕಾಣುವುದು ಅದರ ಒಂದು ಪಾಲು ಮಾತ್ರ. ಉಂಗುರಗಳು ಹಳೆಯ ಉಳಿಕೆಯಲ್ಲ, ಈಗ ಬೆಳೆಯುತ್ತಿರುವ ಸೋಂಕು. ಗ್ಯಾಮಿಟೊಸೈಟ್ ಕಾಣಿಸಿಕೊಳ್ಳಲು ಒಂದು ವಾರಕ್ಕಿಂತ ಹೆಚ್ಚು ಬೇಕು, ಜ್ವರ ಬಂದು ಆಗ ಐದನೇ ದಿನವಷ್ಟೇ. ಜೂನ್‌ನಲ್ಲಿ ಅರ್ಧಕ್ಕೆ ಅಡಗಿದ್ದೇ ಈಗ ತಲೆ ಎತ್ತಿರಬಹುದು ಎಂಬುದು ನನ್ನ ಊಹೆ.

ಇತರ ಪರೀಕ್ಷೆಗಳು, ದಿನ 0

ಹಿಮೋಗ್ಲೋಬಿನ್ 11.2 ಗ್ರಾಂ, ಪ್ಲೇಟ್‌ಲೆಟ್ 68,000, ಒಟ್ಟು ಬಿಲಿರುಬಿನ್ 1.6, ಕ್ರಿಯಾಟಿನಿನ್ 1.0, ರಕ್ತದ ಸಕ್ಕರೆ 96. ಡೆಂಗಿ ಎನ್‌ಎಸ್1 ನೆಗೆಟಿವ್. ಜಿ6ಪಿಡಿ ಸ್ಕ್ರೀನಿಂಗ್ ನಾರ್ಮಲ್. ಆದರೆ ಕೆಂಪು ಕಣ ಒಡೆಯುತ್ತಿರುವ ಹೊತ್ತಿನಲ್ಲಿ ಈ ಟೆಸ್ಟ್ ಸುಳ್ಳು ನಾರ್ಮಲ್ ತೋರಿಸುವುದುಂಟು. ಮೂತ್ರ ಕಪ್ಪಾದರೆ ಅಥವಾ ಕಣ್ಣು ಹಳದಿಯಾದರೆ ಪ್ರೈಮಾಕ್ವಿನ್ ನಿಲ್ಲಿಸಿ ಕೂಡಲೇ ಬರಬೇಕೆಂದು ರೋಗಿಗೆ ಹೇಳಿದೆ.

ಚಿಕಿತ್ಸೆ ಆರಂಭವಾದ ಮೇಲಿನ ಲೇಪನಗಳು

14ರ ಸಂಜೆ ವೈದ್ಯರು ಮೂರು ದಿನದ ಎಸಿಟಿ ಶುರು ಮಾಡಿದ್ದಾರೆ. ಮೂರೂ ದಿನದ ಡೋಸ್ ನಮ್ಮ ಕಣ್ಣೆದುರೇ ನುಂಗಿದ್ದಾರೆ, ವಾಂತಿಯಾಗಿಲ್ಲ.

ದಿನ 2 (16-07-2025): 500 ಬಿಳಿ ಕಣಗಳಿಗೆ 14 ಅಲೈಂಗಿಕ ಪರಾವಲಂಬಿ. ಬಿಳಿ ರಕ್ತಕಣ 5,600. ಮೈಕ್ರೋಲೀಟರ್‌ಗೆ 157. ಪ್ರಭೇದ ಬಿಡಿಸಿ ಹೇಳುವಷ್ಟು ಸಿಗಲಿಲ್ಲ.

ದಿನ 3 (17-07-2025): ದಪ್ಪ ಲೇಪನದ 200 ಫೀಲ್ಡ್‌ಗಳಲ್ಲಿ ಅಲೈಂಗಿಕ ಪರಾವಲಂಬಿ ಕಂಡಿಲ್ಲ. ಗ್ಯಾಮಿಟೊಸೈಟ್ 500 ಬಿಳಿ ಕಣಗಳಿಗೆ 2. ಬಿಳಿ ರಕ್ತಕಣ 5,900. ಮೈಕ್ರೋಲೀಟರ್‌ಗೆ ಸುಮಾರು 24. ಪ್ಲೇಟ್‌ಲೆಟ್ 1,04,000. ಜ್ವರ ಬಿಟ್ಟಿದೆ.

ಉಳಿದ ಗ್ಯಾಮಿಟೊಸೈಟ್ ನೋಡಿ ಔಷಧ ಸೋತಿತೆಂದು ತಿಳಿಯಬೇಡಿ. ಅದರಿಂದ ರೋಗಿಗೆ ಜ್ವರ ಬರುವುದಿಲ್ಲ, ಸೊಳ್ಳೆಗೆ ಮಾತ್ರ ಹರಡುತ್ತದೆ. ಊರಿನಲ್ಲೂ ಸೊಳ್ಳೆಪರದೆ ಕಟ್ಟಿಕೊಂಡೇ ಮಲಗಲಿ.

ನಿಮ್ಮಲ್ಲಿ ಆಗಬೇಕಾದದ್ದು

ಪ್ರೈಮಾಕ್ವಿನ್ 16ರಿಂದ ಶುರುವಾಗಿದೆ. ಮಿಶ್ರ ಸೋಂಕಾದ್ದರಿಂದ ಒಂದೇ ಡೋಸ್ ಸಾಲದು. ವೈವಾಕ್ಸ್ ಪಿತ್ತಜನಕಾಂಗದಲ್ಲಿ ಅಡಗಿರುವ ಕಾರಣ 14 ದಿನ, ಜುಲೈ 29ರವರೆಗೆ ನುಂಗಬೇಕು. ಜ್ವರ ಬಿಟ್ಟ ಮೇಲೆ ಮಾತ್ರೆ ಬಿಡುವವರೇ ಹೆಚ್ಚು. ಇವರೂ ‘ಇನ್ನೂ ಯಾಕ್ರೀ ಸರ?’ ಎಂದು ನನ್ನನ್ನೇ ಕೇಳಿದರು. ಆಶಾ ಕಾರ್ಯಕರ್ತೆಯವರು ದಿನಾ ವಿಚಾರಿಸಿದರೆ ಒಳ್ಳೆಯದು.

ದಪ್ಪ ಮತ್ತು ತೆಳು ಲೇಪನ ಜುಲೈ 21, ಜುಲೈ 28 ಮತ್ತು ಆಗಸ್ಟ್ 11ರಂದು. ನಡುವೆ ಜ್ವರ ಬಂದರೆ ಆ ದಿನವೇ. ಮರುಪರೀಕ್ಷೆಗೆ ಕಾರ್ಡ್ ಬಳಸಬೇಡಿ. ಫಾಲ್ಸಿಪೇರಮ್ ಗೆರೆ ಆಗಲೂ ಮೂಡಬಹುದು, ಅದನ್ನು ನಂಬಿ ಮತ್ತೆ ಎಸಿಟಿ ಕೊಡುವಂತಾಗಬಾರದು. ಯಾವುದೇ ಲೇಪನದಲ್ಲಿ ಅಲೈಂಗಿಕ ಪರಾವಲಂಬಿ ಮತ್ತೆ ಕಂಡರೆ ಸ್ಲೈಡ್ ತೊಳೆಯದೆ ಇಟ್ಟು, ನಮಗೂ ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿ ಕಚೇರಿಗೂ ತಿಳಿಸಿ. ಇಲ್ಲಿನ ಕಚೇರಿಗೆ 14ರಂದೇ ವರದಿ ಹೋಗಿದೆ. ಕಟ್ಟಡದ ಕ್ಯೂರಿಂಗ್ ನೀರಿನ ತೊಟ್ಟಿಯನ್ನೂ ಅಲ್ಲೇ ಮಲಗುವ ಉಳಿದ 11 ಮಂದಿಯನ್ನೂ ನೋಡಲು ತಂಡ ಹೋಗಿ ಬಂದಿದೆ. ಆ ರಕ್ತದ ಮಾದರಿಗಳ ವರದಿ ಬೇರೆ.

ದಿನ 0ರ ಒಂದು ತೆಳು ಲೇಪನವನ್ನು ಕಾಗದದಲ್ಲಿ ಸುತ್ತಿ ರೋಗಿಯ ಕೈಯಲ್ಲೇ ಕಳಿಸಿದ್ದೇನೆ. ಬಾಲದ ಕಡೆಯಿಂದ ನೋಡಿ. ಗ್ಯಾಮಿಟೊಸೈಟ್ ಇರುವ ಜಾಗದ ಹಿಂಬದಿಗೆ ಮಾರ್ಕರ್‌ನಲ್ಲಿ ಗುಂಡು ಗುರುತು ಹಾಕಿದೆ.

ಪ್ರಯೋಗಾಲಯದ ವೈದ್ಯಾಧಿಕಾರಿ
17-07-2025, ಸಂಜೆ 5:15